ಪಂಪ್ ಬಾಡಿಯ ತೂತಿನ ಸುತ್ತ ಚಿವುಟಿದ ಹಾಗೆ ಕಾಣುತ್ತಿದೆಯಾ? ಸಬ್‌ಡಿವಿಷನ್ ಮಾಡೆಲಿನಲ್ಲಿ ದೋಷ ಹುಡುಕುವ ಬಗೆ

ಮೊನ್ನೆ ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಒಂದು ಬ್ಲೆಂಡರ್ ಫೈಲ್ ತಂದ. ಹೊಲದಲ್ಲಿ ಕೂರಿಸುವ ಪಂಪ್‌ಸೆಟ್ಟಿನ ಬಾಡಿ ಅದು. ದುಂಡನೆಯ ಡಬ್ಬಿಯಂಥ ಭಾಗ, ಅದರ ಬದಿಯಲ್ಲಿ ಪೈಪ್ ಕೂರುವ ಒಂದು ದುಂಡು ತೂತು, ಅಷ್ಟೇ. "ಅಣ್ಣಾ, ತೂತಿನ ಅಂಚು ಚೂಪಾಗಲಿ ಅಂತ ಲೂಪ್ ಹಾಕಿದೆ. ಅಂಚೇನೋ ಚೆನ್ನಾಗಿ ಬಂತು, ಆದರೆ ಬಾಡಿ ಮೇಲೆ ಉದ್ದಕ್ಕೂ ಒಂದು ಗೆರೆ ಎದ್ದಿದೆ. ಲೂಪ್ ತೆಗೆದರೆ ಗೆರೆ ಹೋಗುತ್ತೆ, ಅಂಚೂ ಹೋಗುತ್ತೆ" ಅಂದ.

ಹಾರ್ಡ್ ಸರ್ಫೇಸ್ ಮಾಡೆಲಿಂಗ್ ಮಾಡುವ ಎಲ್ಲರಿಗೂ ಈ ತೊಂದರೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಚಪ್ಪಟೆ ಮೇಲ್ಮೈಯಲ್ಲಿ ಸಪೋರ್ಟ್ ಎಡ್ಜ್ ಎಷ್ಟು ಹಾಕಿದರೂ ನಡೆಯುತ್ತದೆ. ಬಾಗಿದ ಮೇಲ್ಮೈಯಲ್ಲಿ ಹಾಕಿದ ಕೂಡಲೇ ಅದು ಸುತ್ತಲಿನ ಬಾಗನ್ನು ಎಳೆದು ಕೆಡಿಸುತ್ತದೆ. ಯಾಕೆ ಹಾಗೆ, ಯಾವ ಲೂಪ್ ತಪ್ಪು ಮಾಡುತ್ತಿದೆ ಅಂತ ಹಿಡಿಯುವುದು ಹೇಗೆ, ಆಮೇಲೆ ಸರಿ ಮಾಡುವುದು ಹೇಗೆ, ಇದನ್ನು ಅದೇ ಫೈಲ್ ಇಟ್ಟುಕೊಂಡು ಹೇಳುತ್ತೇನೆ. ಮೆನು ಹೆಸರುಗಳು ಬ್ಲೆಂಡರಿನವು, ಆದರೆ ಕಾರಣ ಯಾವ ಸಾಫ್ಟ್‌ವೇರಿನಲ್ಲೂ ಇದೇ.

ಮೊದಲು ಸಣ್ಣಪುಟ್ಟ ಅನುಮಾನ ತೀರಿಸಿಕೊಳ್ಳಿ

ಲೂಪ್‌ಗಳ ಮೇಲೆ ಕೈ ಹಾಕುವ ಮೊದಲು ಎರಡು ನಿಮಿಷ ಇದಕ್ಕೆ ಕೊಡಿ. ಎಲ್ಲವನ್ನೂ ಆರಿಸಿ `M` ಒತ್ತಿ `By Distance` ಕೊಡಿ. ಒಂದರ ಮೇಲೊಂದು ಕೂತ ಬಿಂದುಗಳಿದ್ದರೆ ಸೇರಿಕೊಳ್ಳುತ್ತವೆ. ಓವರ್‌ಲೇಯಲ್ಲಿ `Face Orientation` ಹಾಕಿ, ಹೊರಗಿನಿಂದ ನೋಡಿದಾಗ ಎಲ್ಲೂ ಕೆಂಪು ಕಾಣಬಾರದು. `Ctrl+A` ಒತ್ತಿ `Scale` ಅಪ್ಲೈ ಮಾಡಿ. ಇಲ್ಲದಿದ್ದರೆ ಬೆವೆಲ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗುತ್ತದೆ. ಬೂಲಿಯನ್‌ನಿಂದ ತೂತು ಕೊರೆದಿದ್ದರೆ ಒಳಗೆ ಮುಖಗಳು ಉಳಿದಿವೆಯಾ ನೋಡಿ.

ಇಷ್ಟಾದ ಮೇಲೂ ಗೆರೆ ಇದ್ದರೆ ಅದು ಆಕಾರದ ದೋಷ. ಹಾಗಂತ ಖಾತ್ರಿ ಮಾಡಿಕೊಳ್ಳಬೇಕೆಂದರೆ `Shade Flat` ಹಾಕಿ, ಸಬ್‌ಡಿವಿಷನ್ ಲೆವೆಲ್ 3ಕ್ಕೆ ಏರಿಸಿ, ಸಿಲಿಂಡರಿನ ಉದ್ದಕ್ಕೆ ಕಣ್ಣು ಹಾಯಿಸಿ ನೋಡಿ. ಬಡಗಿ ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾನಲ್ಲ, ಹಾಗೆ. ಫ್ಲಾಟ್ ಶೇಡ್‌ನಲ್ಲೂ ಏಣು ಕಂಡರೆ ಬಿಂದುಗಳೇ ತಪ್ಪು ಜಾಗದಲ್ಲಿವೆ. ಫ್ಲಾಟ್‌ನಲ್ಲಿ ಸರಿಯಿದ್ದು ಸ್ಮೂತ್‌ನಲ್ಲಿ ಮಾತ್ರ ಕಲೆ ಕಂಡರೆ ನಾರ್ಮಲ್‌ಗಳ ತೊಂದರೆ, ಅದರ ದಾರಿ ಬೇರೆ. ನಮ್ಮ ಫೈಲಿನಲ್ಲಿ ಫ್ಲಾಟ್‌ನಲ್ಲೂ ಏಣು ಎದ್ದು ಕಾಣುತ್ತಿತ್ತು.

ಕಲೆಯ ಆಕಾರವೇ ಕಾರಣ ಹೇಳುತ್ತದೆ

ವ್ಯೂಪೋರ್ಟಿನಲ್ಲಿ ಹೊಳೆಯುವ ಲೋಹದ ಮ್ಯಾಟ್‌ಕ್ಯಾಪ್ ಹಾಕಿ, ಮಾಡೆಲನ್ನು ನಿಧಾನವಾಗಿ ತಿರುಗಿಸಿ. ಬೂದು ಬಣ್ಣದಲ್ಲಿ ಅಡಗಿ ಕೂತ ದೋಷವೆಲ್ಲ ಹೊಳಪಿನಲ್ಲಿ ಹೊರಗೆ ಬರುತ್ತದೆ. ಈಗ ಹೊಳಪಿನ ಪಟ್ಟಿ ಎಲ್ಲಿ ಮುರಿಯುತ್ತದೆ ಅಂತ ಗಮನಿಸಿ.

ಹೊಳಪು ಸಿಲಿಂಡರಿನ ಉದ್ದಕ್ಕೂ ಒಂದು ಎಡ್ಜಿನ ಗುಂಟ ಮುರಿದರೆ, ಉದ್ದಕ್ಕೆ ಓಡುವ ಸಪೋರ್ಟ್ ಲೂಪೇ ಕಾರಣ. ಒಂದೇ ಬಿಂದುವಿನ ಸುತ್ತ ನಕ್ಷತ್ರದ ಹಾಗೆ ಸೆಳೆದುಕೊಂಡಿದ್ದರೆ, ಅಲ್ಲಿ ಐದು ಅಥವಾ ಜಾಸ್ತಿ ಎಡ್ಜ್ ಕೂಡುವ ಪೋಲ್ ಇದೆ. ತೂತಿನ ಸುತ್ತ ಉಂಗುರದ ಹಾಗೆ ತಗ್ಗು ಬಿದ್ದಿದ್ದರೆ, ಅಂಚಿನ ಬಿಂದುಗಳು ಸಿಲಿಂಡರಿನ ಮೇಲ್ಮೈ ಬಿಟ್ಟು ಕೆಳಗೆ ಇಳಿದಿವೆ. ಮೂರೂ ಒಟ್ಟಿಗೆ ಇರಬಹುದು. ಆ ಹುಡುಗನ ಫೈಲಿನಲ್ಲಿ ಮೂರೂ ಇದ್ದವು. ಆದರೆ ಮೊದಲನೆಯದು ಎಷ್ಟು ದೊಡ್ಡದಾಗಿತ್ತೆಂದರೆ ಉಳಿದೆರಡು ಕಣ್ಣಿಗೇ ಬೀಳುತ್ತಿರಲಿಲ್ಲ.

ಅನುಮಾನ ಖಚಿತ ಮಾಡಿಕೊಳ್ಳಲು ಸುಲಭದ ದಾರಿ ಇದೆ. ಮಾಡೆಲಿನ ನಕಲು ಮಾಡಿ. ನಕಲಿನಲ್ಲಿ ಅನುಮಾನ ಇರುವ ಒಂದೇ ಒಂದು ಲೂಪ್ ಆರಿಸಿ `Ctrl+X` ಕೊಟ್ಟು ಕರಗಿಸಿ. ಗೆರೆ ಹೋಯಿತಾ? ಹಾಗಾದರೆ ಅದೇ. ಹೋಗಲಿಲ್ಲವಾ? `Ctrl+Z` ಕೊಟ್ಟು ಮುಂದಿನದನ್ನು ನೋಡಿ. ಎರಡು ಮೂರು ಲೂಪ್ ಒಟ್ಟಿಗೆ ತೆಗೆದರೆ ಯಾವುದು ಕಾರಣ ಅಂತ ಗೊತ್ತಾಗದೆ ಸುಮ್ನೆ ಸಮಯ ಹಾಳಾಗುತ್ತದೆ.

ಇನ್ನೊಂದು ವಿಷಯ. ಸಿಲಿಂಡರನ್ನು ಬಳೆಯ ಹಾಗೆ ಸುತ್ತುವ ಲೂಪ್‌ಗಳ ಮೇಲೆ ಅನುಮಾನ ಬೇಡ. ಫ್ಲೇಂಜಿನ ಅಂಚು, ತುದಿಯ ಅಂಚು ಇವುಗಳನ್ನು ಹಿಡಿಯಲು ಹಾಕಿದ ಬಳೆ ಲೂಪ್‌ಗಳು ಎಷ್ಟು ಹತ್ತಿರ ಇದ್ದರೂ ದುಂಡಗೆ ಏನೂ ಆಗುವುದಿಲ್ಲ, ಯಾಕೆಂದರೆ ಸಿಲಿಂಡರಿಗೆ ಉದ್ದದ ದಿಕ್ಕಿನಲ್ಲಿ ಬಾಗೇ ಇಲ್ಲ. ಕೆಡಿಸುವುದು ಅಡ್ಡದ ಬಾಗನ್ನು ಅಸಮವಾಗಿ ಸೀಳಿಕೊಂಡು ಉದ್ದಕ್ಕೆ ಓಡುವ ಲೂಪ್.

ಹತ್ತಿರ ಬಂದ ಬಿಂದು ಕಡಿಮೆ ಕುಗ್ಗುತ್ತದೆ

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾವೆಲ್ಲ ಬಳಸುವ ಸಬ್‌ಡಿವಿಷನ್ ವಿಧಾನವನ್ನು 1978ರಲ್ಲಿ ಎಡ್ವಿನ್ ಕ್ಯಾಟ್‌ಮಲ್ ಮತ್ತು ಜಿಮ್ ಕ್ಲಾರ್ಕ್ ಪ್ರಕಟಿಸಿದರು. ಅದು ಪ್ರತಿ ಬಿಂದುವನ್ನೂ ಅದರ ನೆರೆಯ ಬಿಂದುಗಳ ಕಡೆಗೆ ಸ್ವಲ್ಪ ಎಳೆಯುತ್ತದೆ. ದುಂಡು ಸಿಲಿಂಡರಿನಲ್ಲಿ ನೆರೆಯ ಬಿಂದುಗಳು ಎರಡೂ ಕಡೆ ಒಳಕ್ಕೆ ಬಾಗಿರುತ್ತವೆ. ಹಾಗಾಗಿ ಬಿಂದು ಒಳಕ್ಕೇ ಸರಿಯುತ್ತದೆ, ಇಡೀ ಸಿಲಿಂಡರ್ ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಅಂತ ಲೆಕ್ಕ ಹಾಕಬಹುದು. ಇಲ್ಲಿ `n` ಅಂದರೆ ಸುತ್ತ ಇರುವ ಸೆಗ್ಮೆಂಟ್, `r` ಅಂದರೆ ನಾವು ಕೊಟ್ಟ ತ್ರಿಜ್ಯ, `R` ಅಂದರೆ ಪೂರ್ತಿ ಸ್ಮೂತ್ ಆದ ಮೇಲೆ ಉಳಿಯುವ ತ್ರಿಜ್ಯ.

```
R = r * (4 + 2*cos(360°/n)) / 6
```

ನಮ್ಮ ಪಂಪ್ ಬಾಡಿಯ ತ್ರಿಜ್ಯ 50 ಮಿ.ಮೀ., ಹುಡುಗ ಇಟ್ಟಿದ್ದು 16 ಸೆಗ್ಮೆಂಟ್. ಲೆಕ್ಕ ಹಾಕಿದರೆ 48.73 ಮಿ.ಮೀ. ಬರುತ್ತದೆ. ಎಲ್ಲ ಕಡೆ ಒಂದೇ ಸಮ ಕುಗ್ಗಿದರೆ ಯಾರಿಗೂ ಗೊತ್ತಾಗುವುದಿಲ್ಲ, ದುಂಡಗೇ ಇರುತ್ತದೆ.

ಈಗ ಒಂದು ಉದ್ದದ ಎಡ್ಜಿನ ಪಕ್ಕಕ್ಕೆ ಒತ್ತಿ ಇನ್ನೊಂದು ಲೂಪ್ ಹಾಕಿದಿರಿ ಅಂದುಕೊಳ್ಳಿ. ಆ ಬಿಂದುವಿಗೆ ಒಂದು ಕಡೆಯ ನೆರೆ ಈಗ ದೂರದಲ್ಲಿಲ್ಲ, ಪಕ್ಕದಲ್ಲೇ ಇದೆ. ಆ ಕಡೆಯ ಎಳೆತ ಹೆಚ್ಚುಕಡಿಮೆ ಇಲ್ಲವಾಯಿತು. ಅಲ್ಲಿ ತ್ರಿಜ್ಯ 49.37ರ ಹತ್ತಿರ ನಿಲ್ಲುತ್ತದೆ. ಎರಡೂ ಪಕ್ಕಕ್ಕೆ ಲೂಪ್ ಹಾಕಿದರೆ ಬಿಂದು ಅಲುಗುವುದೇ ಇಲ್ಲ, 50ರಲ್ಲೇ ಇರುತ್ತದೆ. ಸುತ್ತಲಿನ ಬಾಡಿ 48.73ರಲ್ಲಿದೆ, ಈ ಗೆರೆ ಮಾತ್ರ 50ರಲ್ಲಿದೆ. ಸುಮಾರು 1.3 ಮಿ.ಮೀ. ಎತ್ತರದ ಏಣು! ಹುಡುಗ ನೋಡುತ್ತಿದ್ದ ಗೆರೆ ಇದೇ. ಅದು ಶೇಡಿಂಗ್ ದೋಷವಲ್ಲ. ಬಾಡಿಯ ಉಳಿದ ಭಾಗ ಕುಗ್ಗಿತು, ಆ ಗೆರೆ ಕುಗ್ಗಲಿಲ್ಲ, ಅಷ್ಟೇ.

ಲೂಪನ್ನು ಎಡ್ಜಿಗೆ ಒತ್ತಿ ಹಾಕದೆ ಎರಡು ಎಡ್ಜಿನ ನಡುವೆ ಹಾಕಿದರೆ ತೊಂದರೆ ಉಲ್ಟಾ ಆಗುತ್ತದೆ. `Ctrl+R` ಹೊಸ ಬಿಂದುವನ್ನು ಚಪ್ಪಟೆ ಮುಖದ ಮೇಲೆ ಇಡುತ್ತದೆ, ದುಂಡಿನ ಮೇಲಲ್ಲ. 16 ಸೆಗ್ಮೆಂಟಿನಲ್ಲಿ ಮುಖದ ನಡುಭಾಗ ದುಂಡಿಗಿಂತ 0.96 ಮಿ.ಮೀ. ಒಳಗಿರುತ್ತದೆ. ಅಲ್ಲಿ ಬಾಡಿ ಚಪ್ಪಟೆಯಾಗಿ, ಯಾರೋ ಅರ ಹಾಕಿ ಉಜ್ಜಿದ ಹಾಗೆ ಕಾಣುತ್ತದೆ.

ಇದೇ ಲೆಕ್ಕವನ್ನು 32 ಸೆಗ್ಮೆಂಟಿಗೆ ಹಾಕಿ ನೋಡಿ. ಬಾಡಿ 49.68ಕ್ಕೆ ಕುಗ್ಗುತ್ತದೆ. ಎರಡೂ ಪಕ್ಕ ಲೂಪ್ ಹಾಕಿದರೂ ಏಣಿನ ಎತ್ತರ 0.32 ಮಿ.ಮೀ. ಮಾತ್ರ. ಮುಖದ ನಡುವಿನ ತಗ್ಗು 0.24 ಮಿ.ಮೀ. ಅಂದರೆ ಸೆಗ್ಮೆಂಟ್ ಎರಡು ಪಟ್ಟು ಮಾಡಿದರೆ ದೋಷ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಡಿಮೆ ಪಾಲಿಗಾನ್‌ನಲ್ಲಿ ಶುರು ಮಾಡಿ, ಉಳಿದದ್ದನ್ನು ಸಬ್‌ಡಿವಿಷನ್ ನೋಡಿಕೊಳ್ಳುತ್ತದೆ ಅನ್ನುವ ಮಾತನ್ನು ಬಾಗಿದ ಮೇಲ್ಮೈಗೆ ನಾನು ಒಪ್ಪುವುದಿಲ್ಲ. ತೂತು ಕೊರೆಯುವ ಸಿಲಿಂಡರಿಗೆ ಮೊದಲೇ 32 ಕೊಟ್ಟು ಶುರು ಮಾಡಿ. ಚಿಕ್ಕ ತೂತು, ಹತ್ತಿರದ ಶಾಟ್ ಇದ್ದರೆ 64 ಕೊಡಿ.

ಸರಿಪಡಿಸಿದ್ದು ಹೀಗೆ

ಹಳೆಯ ಬಾಡಿಯನ್ನು ತಿದ್ದುತ್ತಾ ಕೂರಲಿಲ್ಲ. ಬೂಲಿಯನ್ ತೂತಿನ ಸುತ್ತ ಎಡ್ಜ್‌ಗಳು ಜೇಡನ ಬಲೆಯಾಗಿದ್ದವು, ಅದನ್ನು ಬಿಡಿಸುವ ಹೊತ್ತಿಗೆ ಹೊಸದೇ ಆಗುತ್ತದೆ.

32 ಸೆಗ್ಮೆಂಟಿನ, 50 ಮಿ.ಮೀ. ತ್ರಿಜ್ಯದ ಹೊಸ ಸಿಲಿಂಡರ್ ಹಾಕಿದೆವು. ಒಂದೊಂದು ಸೆಗ್ಮೆಂಟಿನ ಅಗಲ 9.8 ಮಿ.ಮೀ. ಬರುತ್ತದೆ. ಅದಕ್ಕೆ ಹೊಂದುವ ಹಾಗೆ ಬಳೆ ಲೂಪ್‌ಗಳನ್ನು ಹಾಕಿದ್ದರಿಂದ, ತೂತು ಬರುವ ಕಡೆ ಮುಖಗಳು ಹೆಚ್ಚುಕಡಿಮೆ ಚೌಕವಾದವು. ಇಲ್ಲಿಗೆ ನಿಲ್ಲಿಸಿ ಸಿಲಿಂಡರಿನ ಒಂದು ನಕಲು ತೆಗೆದು `body_clean` ಅಂತ ಹೆಸರಿಟ್ಟು, ಅದಕ್ಕೂ ಸಬ್‌ಡಿವಿಷನ್ ಹಾಕಿ, ರೆಂಡರಿಗೆ ಬರದ ಹಾಗೆ ಬಚ್ಚಿಟ್ಟೆವು. ಈ ನಕಲನ್ನು ಮರೆಯಬೇಡಿ. ಕೊನೆಯಲ್ಲಿ ಅದೇ ನಮ್ಮ ಅಳತೆಗೋಲು.

ಆಮೇಲೆ ತೂತಿನ ಜಾಗದಲ್ಲಿ ನಾಲ್ಕು ಬೈ ನಾಲ್ಕು, ಒಟ್ಟು 16 ಮುಖ ಆರಿಸಿ `I` ಒತ್ತಿ ಇನ್‌ಸೆಟ್ ಕೊಟ್ಟೆವು. ಒಳಗಿನ ಮುಖಗಳನ್ನು ಅಳಿಸಿದಾಗ 16 ಬಿಂದುಗಳ ಒಂದು ಚೌಕ ಬಾಯಿ ಉಳಿಯಿತು. ನಾಲ್ಕು ಬೈ ನಾಲ್ಕು ಯಾಕೆ ಅಂದರೆ, ತೂತಿಗೆ ಬೇಕಾದ 16 ಬಿಂದುಗಳೂ ಬಾಡಿಯ ಗ್ರಿಡ್ಡಿನಿಂದಲೇ ಬರುತ್ತವೆ. ತೂತಿಗೋಸ್ಕರ ಬಾಡಿಯ ಉದ್ದಕ್ಕೆ ಒಂದೇ ಒಂದು ಹೊಸ ಲೂಪ್ ಓಡಿಸಬೇಕಾಗಿಲ್ಲ. ಇನ್‌ಸೆಟ್ ಉಂಗುರ ತೂತಿನ ಸುತ್ತ ಸುತ್ತಿ ಅಲ್ಲೇ ಮುಗಿಯುತ್ತದೆ. ಸಪೋರ್ಟ್ ಅಲ್ಲೇ ಹುಟ್ಟಿ ಅಲ್ಲೇ ಮುಗಿಯಬೇಕು, ಬಾಡಿ ಮೇಲೆ ಹರಿದಾಡಬಾರದು.

ಚೌಕವನ್ನು ದುಂಡು ಮಾಡಲು ಲೂಪ್‌ಟೂಲ್ಸ್ ಆಡ್‌ಆನ್‌ನ `Circle` ಬಳಸಿ 15 ಮಿ.ಮೀ. ತ್ರಿಜ್ಯ ಕೊಟ್ಟೆವು. ಮೂರನೇ ದೋಷ ಹುಟ್ಟುವುದು ಇಲ್ಲೇ. ಆ ಆಯ್ಕೆಗಳಲ್ಲಿ `Flatten` ಟಿಕ್ ಇದ್ದರೆ ಎಲ್ಲ ಬಿಂದುಗಳೂ ಒಂದು ಚಪ್ಪಟೆ ತಟ್ಟೆಯ ಮೇಲೆ ಬಂದು ಕೂರುತ್ತವೆ. ಆದರೆ ಸಿಲಿಂಡರಿನ ಬದಿಗೆ ಕೊರೆದ ತೂತಿನ ಅಂಚು ಚಪ್ಪಟೆ ಅಲ್ಲ, ಕುದುರೆಯ ಜೀನಿನ ಹಾಗೆ ಬಾಗಿರುತ್ತದೆ. 50 ಮಿ.ಮೀ. ತ್ರಿಜ್ಯದ ಬಾಡಿಯಲ್ಲಿ 30 ಮಿ.ಮೀ. ಅಗಲದ ತೂತಿನ ಅಂಚು, ಎತ್ತರದ ಜಾಗಕ್ಕಿಂತ ಪಕ್ಕದ ಜಾಗದಲ್ಲಿ 2.3 ಮಿ.ಮೀ. ಕೆಳಗೆ ಇಳಿದಿರಬೇಕು. ಅದನ್ನು ಚಪ್ಪಟೆ ಮಾಡಿದರೆ ಬಾಡಿ ತೂತಿನ ಸುತ್ತ ನೆಗ್ಗಿ ಹೋಗುತ್ತದೆ. ಉಂಗುರದ ಹಾಗೆ ತಗ್ಗು ಅಂದೆನಲ್ಲ, ಅದು ಬರುವುದು ಹೀಗೆ. `Flatten` ಟಿಕ್ ತೆಗೆಯಿರಿ. ಆಮೇಲೆ ಸಿಲಿಂಡರನ್ನು ತುದಿಯಿಂದ ನೋಡಿ, ಅಂಚಿನ ಬಿಂದುಗಳು ದುಂಡಿನ ಮೇಲೇ ಇವೆಯಾ ಅಂತ ಪರೀಕ್ಷೆ ಮಾಡಿ.

ಪೈಪ್ ಒಳಗೆ ನಿಜವಾಗಿ ಕೂರಬೇಕಾದರೆ ಇನ್ನೊಂದು ಮಾತು. 16 ಬಿಂದುಗಳ ಈ ಅಂಚೂ ಕುಗ್ಗುತ್ತದೆ. 15 ಕೊಟ್ಟರೆ 14.6 ಸಿಗುತ್ತದೆ. 15 ಬೇಕೇ ಬೇಕೆಂದರೆ 15.4 ಕೊಡಿ.

ತೂತಿನ ಅಂಚನ್ನು ತೂತಿನ ಅಕ್ಷದ ಗುಂಟ ಒಳಕ್ಕೆ ಎಕ್ಸ್‌ಟ್ರೂಡ್ ಮಾಡಿದರೆ ಗೋಡೆ ಸಿದ್ಧ. ಈಗ ಬೆವೆಲ್. ಅಂಚಿನ ಲೂಪ್ ಮಾತ್ರ ಆರಿಸಿ `Ctrl+B`, 1.5 ಮಿ.ಮೀ. ಅಗಲ, `Segments` 2, `Shape` 1.0. ಈ ಆಕಾರದ ಅಳತೆ 1.0 ಇದ್ದಾಗ ಬೆವೆಲ್ ಅಂಚನ್ನು ಕತ್ತರಿಸುವುದಿಲ್ಲ. ಮೂಲ ಅಂಚು ಇದ್ದಲ್ಲೇ ಇರುತ್ತದೆ, ಅದರ ಎರಡೂ ಪಕ್ಕಕ್ಕೆ ಒಂದೊಂದು ಸಪೋರ್ಟ್ ಎಡ್ಜ್ ಬರುತ್ತದೆ. ಎರಡೂ ಕಡೆ ಒಂದೇ ಅಂತರ. ಕೈಯಲ್ಲಿ `Ctrl+R` ಹಾಕಿ ಕಣ್ಣಳತೆಯಲ್ಲಿ ಜರುಗಿಸುವುದಕ್ಕಿಂತ ಇದು ಎಷ್ಟೋ ವಾಸಿ. ಅಂಚು ಇನ್ನೂ ಚೂಪು ಬೇಕಾದರೆ 1 ಮಿ.ಮೀ. ಕೊಡಿ, ಮೆತ್ತಗೆ ಬೇಕಾದರೆ 2 ಕೊಡಿ. ನಮ್ಮ ಇನ್‌ಸೆಟ್ ಉಂಗುರದ ಹೊರ ಅಂಚು ಪಕ್ಕದಲ್ಲಿ ತೂತಿನಿಂದ ಸುಮಾರು 4 ಮಿ.ಮೀ. ದೂರ ಮಾತ್ರ ಇದೆ. ಅದಕ್ಕಿಂತ ಜಾಸ್ತಿ ಅಗಲ ಕೊಟ್ಟರೆ ಬೆವೆಲ್ ಎಡ್ಜ್ ಉಂಗುರವನ್ನು ದಾಟಿ ಮುಖಗಳು ಒಂದರ ಮೇಲೊಂದು ಬೀಳುತ್ತವೆ. ಅಂಥ ಕಡೆ ಕಪ್ಪು ತ್ರಿಕೋನದಂಥ ಕಲೆ ಕಾಣುತ್ತದೆ.

ಕ್ರೀಸ್ ಯಾಕೆ ಬೇಡ ಅಂತ ಕೆಲವರು ಕೇಳುತ್ತಾರೆ. `Shift+E` ಕೊಟ್ಟು 1ಕ್ಕೆ ಎಳೆದರೆ ಅಂಚು ಚೂಪಾಗುತ್ತದೆ, ಲೂಪೂ ಬೇಡ. ಆದರೆ ಆ ಅಂಚಿಗೆ ದಪ್ಪವೇ ಇರುವುದಿಲ್ಲ. ಎರಕದ ಪಂಪ್ ಬಾಡಿಯನ್ನು ಬೆರಳಲ್ಲಿ ಸವರಿ ನೋಡಿ, ಯಾವ ಅಂಚೂ ಬ್ಲೇಡಿನ ಹಾಗೆ ಇರುವುದಿಲ್ಲ. ಆ ಸಣ್ಣ ದುಂಡಿನ ಮೇಲೆ ಬೀಳುವ ಬೆಳಕಿನ ಗೆರೆಯೇ ಅದನ್ನು ಲೋಹ ಅನ್ನಿಸುವುದು. ಕ್ರೀಸ್‌ನಲ್ಲಿ ಅದು ಸಿಗುವುದಿಲ್ಲ.

ಉಳಿದ ಸಣ್ಣ ಅಲೆ

ಇಷ್ಟು ಮಾಡಿದ ಮೇಲೆ ಉದ್ದದ ಗೆರೆ ಪೂರ್ತಿ ಹೋಯಿತು. ಆದರೆ ಮ್ಯಾಟ್‌ಕ್ಯಾಪ್ ತಿರುಗಿಸಿದಾಗ ತೂತಿನ ನಾಲ್ಕು ಮೂಲೆಗಳ ಕಡೆ ಹೊಳಪು ಇನ್ನೂ ಸ್ವಲ್ಪ ಅಲುಗುತ್ತಿತ್ತು. ನಾಲ್ಕು ಬೈ ನಾಲ್ಕು ಚೌಕದ ಮೂಲೆಗಳಲ್ಲಿ ಇನ್‌ಸೆಟ್‌ನಿಂದಾಗಿ ಐದು ಎಡ್ಜ್ ಕೂಡುತ್ತವೆ. ಕ್ಯಾಟ್‌ಮಲ್-ಕ್ಲಾರ್ಕ್ ಮೇಲ್ಮೈ ಬೇರೆ ಎಲ್ಲ ಕಡೆ ಬಾಗಿನಲ್ಲೂ ನುಣುಪಾಗಿರುತ್ತದೆ, ಇಂಥ ಪೋಲ್‌ಗಳಲ್ಲಿ ಮಾತ್ರ ಬಾಗು ಸ್ವಲ್ಪ ತಪ್ಪುತ್ತದೆ. ದುಂಡು ತೂತನ್ನು ಚೌಕ ಗ್ರಿಡ್ಡಿಗೆ ಸೇರಿಸುವಾಗ ಪೋಲ್ ಪೂರ್ತಿ ತಪ್ಪಿಸಲು ಆಗುವುದಿಲ್ಲ. ಅವು ಅಂಚಿನಿಂದ ದೂರ ಇರಲಿ ಅಷ್ಟೇ. ನಮ್ಮಲ್ಲಿ ತೂತಿನ ಅಂಚಿನಿಂದ ಸುಮಾರು 12 ಮಿ.ಮೀ. ದೂರದಲ್ಲಿದ್ದವು, ಅದು ಸಾಕು. ಬೆವೆಲ್ ಎಡ್ಜಿನ ಮೇಲೇ ಪೋಲ್ ಬಿದ್ದಿದ್ದರೆ ಗ್ರಿಡ್ ಬದಲಿಸಲೇಬೇಕಿತ್ತು.

ಉಳಿದ ಅಲೆಯನ್ನು ತೆಗೆಯಲು ಬಚ್ಚಿಟ್ಟ `body_clean` ಹೊರಗೆ ಬಂತು. ಪಂಪ್ ಬಾಡಿಗೆ ಸಬ್‌ಡಿವಿಷನ್ ಆದ ಮೇಲೆ ಒಂದು `Shrinkwrap` ಹಾಕಿ, `Target` ಆಗಿ ಆ ನಕಲನ್ನು ಕೊಟ್ಟೆವು. ವಿಧಾನ `Project`, ಅಕ್ಷ ತೂತಿನ ಅಕ್ಷ, `Positive` ಮತ್ತು `Negative` ಎರಡಕ್ಕೂ ಟಿಕ್. `Nearest Surface Point` ಇಟ್ಟರೂ ಕೆಲಸ ನಡೆಯುತ್ತದೆ, ಆದರೆ ಬಿಂದುಗಳು ಪಕ್ಕಕ್ಕೂ ಸ್ವಲ್ಪ ಜಾರುತ್ತವೆ, ತೂತು ಎದುರಿನಿಂದ ನೋಡಿದಾಗ ದುಂಡು ತಪ್ಪಬಹುದು. ತೂತಿನ ಅಕ್ಷದ ಗುಂಟ ಸರಿಸಿದರೆ ಆ ಭಯ ಇಲ್ಲ.

ಎರಡು ಕಡೆ ಎಚ್ಚರ ಇರಲಿ. ಒಂದು, ಮಾಡಿಫೈಯರ್‌ಗಳ ಕ್ರಮ. `Shrinkwrap` ಸಬ್‌ಡಿವಿಷನ್ನಿನ ಮೇಲೆ ಇದ್ದರೆ ಏನಾಗುತ್ತದೆ ನೋಡಿ. ಕುಗ್ಗದ ಬಿಂದುಗಳನ್ನು ಅದು 49.68ರ ಮೇಲ್ಮೈಗೆ ಇಳಿಸುತ್ತದೆ, ಆಮೇಲೆ ಸಬ್‌ಡಿವಿಷನ್ ಅವನ್ನು ಮತ್ತೊಮ್ಮೆ ಕುಗ್ಗಿಸುತ್ತದೆ. ಹೊಸ ತಗ್ಗು ತಯಾರು. ಅದಕ್ಕೇ ಅದು ಪಟ್ಟಿಯಲ್ಲಿ ಕೆಳಗೆ ಇರಬೇಕು. ಎರಡು, ವರ್ಟೆಕ್ಸ್ ಗ್ರೂಪ್. ಬೆವೆಲ್‌ನ ಹೊರಗಿನ ಎಡ್ಜಿನಿಂದ ಶುರುವಾಗಿ ಚೌಕದಾಚೆ ಒಂದೆರಡು ಸಾಲಿನವರೆಗಿನ ಬಿಂದುಗಳಿಗೆ ಮಾತ್ರ ತೂಕ 1 ಕೊಡಿ. ಮೂಲ ಅಂಚು, ಬೆವೆಲ್‌ನ ಒಳ ಎಡ್ಜ್, ಗೋಡೆ ಇವು ಯಾವುವೂ ಗ್ರೂಪಿನಲ್ಲಿ ಇರಬಾರದು. ಗೋಡೆ ಸೇರಿಬಿಟ್ಟರೆ ಅದೂ ಬಾಡಿಯ ಮೇಲ್ಮೈಗೆ ಎಳೆಯಲ್ಪಟ್ಟು ತೂತಿನ ಆಳವೇ ಮಾಯವಾಗುತ್ತದೆ.

ಕೊನೆಯ ಪರೀಕ್ಷೆ ನನಗೆ ತುಂಬಾ ಇಷ್ಟ. 49.68 ಮಿ.ಮೀ. ತ್ರಿಜ್ಯದ, 256 ಸೆಗ್ಮೆಂಟಿನ, ಸಬ್‌ಡಿವಿಷನ್ ಇಲ್ಲದ ಒಂದು ಕೆಂಪು ಸಿಲಿಂಡರನ್ನು ಬಾಡಿ ಇರುವ ಜಾಗದಲ್ಲೇ, ಸೆಗ್ಮೆಂಟ್‌ಗಳು ಹೊಂದುವ ಹಾಗೆ ಇಡಿ. ಬಾಡಿ ಬೂದು ಬಣ್ಣ, ಲೆವೆಲ್ 3. ಎರಡೂ ಮೇಲ್ಮೈ ಒಂದೇ ಕಡೆ ಇದ್ದರೆ ಕೆಂಪು ಬೂದು ಬೆರೆತು ಚುಕ್ಕೆಚುಕ್ಕೆಯಾಗಿ ಮಿನುಗುತ್ತದೆ. ಬರೀ ಬೂದು ಕಂಡ ಕಡೆ ಬಾಡಿ ಉಬ್ಬಿದೆ, ಬರೀ ಕೆಂಪು ಕಂಡ ಕಡೆ ತಗ್ಗಿದೆ. ಹಳೆಯ 16 ಸೆಗ್ಮೆಂಟಿನ ಫೈಲಿಗೆ ಅದರದೇ ಅಳತೆಯ, 48.73ರ ಸಿಲಿಂಡರ್ ಇಟ್ಟು ನೋಡಿದಾಗ ತೂತಿನ ಎರಡೂ ಪಕ್ಕ ತುದಿಯಿಂದ ತುದಿಗೆ ಬೂದು ಪಟ್ಟೆ ಎದ್ದು ನಿಂತಿತ್ತು. ಹೊಸದರಲ್ಲಿ ಕೆಂಪು ಕಾಣುವ ತೂತಿನ ಬಾಯಿ ಬಿಟ್ಟರೆ ಇಡೀ ಬಾಡಿ ಚುಕ್ಕೆಚುಕ್ಕೆ, ತೂತಿನ ಅಂಚಿನ ಬೆವೆಲ್ ಇರುವಲ್ಲಿ ಮಾತ್ರ ಒಂದು ತೆಳು ಕೆಂಪು ಉಂಗುರ. ಅಂಚು ದುಂಡಾಗಿ ಒಳಕ್ಕೆ ತಿರುಗುವ ಜಾಗ ಅದು, ಅಲ್ಲಿ ಕೆಂಪು ಇರಲೇಬೇಕು.

ತೂತು ಬಾಡಿಯ ಅಗಲದ ಅರ್ಧಕ್ಕಿಂತ ದೊಡ್ಡದಾದರೆ ಈ ದಾರಿ ಅಷ್ಟು ಚೆನ್ನಾಗಿ ನಡೆಯುವುದಿಲ್ಲ. ಆಗ ಅಂಚು ಪಕ್ಕದಲ್ಲಿ ತುಂಬಾ ಇಳಿಜಾರಾಗುತ್ತದೆ, ಒಂದೇ ಅಕ್ಷದ ಗುಂಟ ಸರಿಸಿದ ಬಿಂದುಗಳು ಅಲ್ಲಿ ಉದ್ದುದ್ದಕ್ಕೆ ಎಳೆದುಕೊಳ್ಳುತ್ತವೆ. ಅಂಥ ಜೋಡಣೆಗೆ ನಾನು ತೂತಿನ ಭಾಗವನ್ನೇ ಬೇರೆ ಪ್ಯಾಚ್ ಆಗಿ ಕಟ್ಟಿ, ಆಮೇಲೆ ಬಾಡಿಗೆ ಹೊಲಿಯುತ್ತೇನೆ.